ಪದ ಪರಿಚಯ: ಇಡಿಯೋಪಥಿಕ್ ಸಿಸ್ಟೈಟಿಸ್, ಅಂದರೆ ಬೆಕ್ಕಿನ ಉರಿಮೂತ್ರ

ತುಮಕೂರಿನ ಶಿರಾ ಗೇಟ್ ಹತ್ತಿರ ನಮ್ಮಕ್ಕನ ಮನೆ. ಅವಳ ಬೆಕ್ಕು ಕೆಂಚನಿಗೆ ನಾಲ್ಕು ವರ್ಷ, ಆಪರೇಷನ್ ಆದ ಗಂಡು. ಹೋದ ವರ್ಷ ದೀಪಾವಳಿ ಮುಗಿದ ಮೂರನೇ ದಿನ ಬಚ್ಚಲ ನೆಲದ ಮೇಲೆ ಅಲ್ಲಲ್ಲಿ ತಿಳಿಗೆಂಪು ಹನಿಗಳಿದ್ದವು. ಕೆಂಚ ಟಬ್ಬಿನ ಮರಳಿಗೆ ಹೋಗಿ ಕೂರುತ್ತಾನೆ, ತಿಣುಕುತ್ತಾನೆ, ಎದ್ದು ಬರುತ್ತಾನೆ. ಐದು ನಿಮಿಷಕ್ಕೆ ಮತ್ತೆ ಅದೇ. ಮಲ ಕಟ್ಟಿದೆ ಅಂತ ಅಕ್ಕ ಅಂದುಕೊಂಡಳು. ಎಷ್ಟೋ ಜನ ಹಾಗೇ ಅಂದುಕೊಳ್ಳುತ್ತಾರೆ.

ಡಾಕ್ಟರು ಬರೆದುಕೊಟ್ಟ ಹೆಸರು ಫೆಲೈನ್ ಇಡಿಯೋಪಥಿಕ್ ಸಿಸ್ಟೈಟಿಸ್. ಫೆಲೈನ್ ಅಂದರೆ ಬೆಕ್ಕಿನದು. ಸಿಸ್ಟೈಟಿಸ್ ಅಂದರೆ ಮೂತ್ರಕೋಶದ ಉರಿಯೂತ. ನಡುವಿನ ಇಡಿಯೋಪಥಿಕ್ ಅನ್ನೋದೇ ಮಜಾ. ಗೌರವವಾಗಿ ಕೇಳಿಸುತ್ತದೆ, ಆದರೆ ಅರ್ಥ ಇಷ್ಟೇ: ಕಾರಣ ಸಿಕ್ಕಿಲ್ಲ. ಉಚ್ಚೆ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಇಲ್ಲ, ಎಕ್ಸ್‌ರೇ ಅಥವಾ ಸ್ಕ್ಯಾನಿಂಗ್‌ನಲ್ಲಿ ಕಲ್ಲಿಲ್ಲ, ಗಡ್ಡೆಯೂ ಇಲ್ಲ. ಎಲ್ಲವನ್ನೂ ಒಂದೊಂದಾಗಿ ಬಿಟ್ಟ ಮೇಲೆ ಉಳಿಯುವ ಹೆಸರು ಇದು. ಪರೀಕ್ಷೆಯನ್ನೇ ಮಾಡದೆ ಈ ಹೆಸರು ಹೇಳಿದರೆ ನಂಬಬೇಡಿ.

ಕಾರಣ ಸಿಕ್ಕಿಲ್ಲ ಅಂದರೂ ದಾರಿ ಸ್ವಲ್ಪ ಗೊತ್ತಾಗಿದೆ. ಇಂಥ ಬೆಕ್ಕುಗಳ ನರಮಂಡಲ ಒತ್ತಡಕ್ಕೆ ಬೇರೆ ಬೆಕ್ಕುಗಳಿಗಿಂತ ಜಾಸ್ತಿ ಸ್ಪಂದಿಸುತ್ತದೆ. ಹೆದರಿದಾಗ ಮೂತ್ರಕೋಶದ ನರಗಳು ಕೆರಳುತ್ತವೆ. ಅದರ ಒಳಗೋಡೆಗೆ ಕಾವಲಾಗಿರುವ ಲೋಳೆಯಂಥ ಪದರವೂ ಇವುಗಳಲ್ಲಿ ತೆಳ್ಳಗಿರುತ್ತದೆ. ಆಗ ಉಚ್ಚೆಯೇ ಗೋಡೆಯನ್ನು ಚುಚ್ಚುತ್ತದೆ, ರಕ್ತ ಒಸರುತ್ತದೆ. ಅಂದರೆ ಏಟು ಬೀಳುವುದು ಮೂತ್ರಕೋಶಕ್ಕೆ, ಆದರೆ ಸಮಸ್ಯೆ ಇಡೀ ಬೆಕ್ಕಿನದು.

ಕೆಂಚನಿಗೆ ಆ ಸಲ ಆ್ಯಂಟಿಬಯೋಟಿಕ್ ಕೊಟ್ಟರು. ಐದು ದಿನಕ್ಕೆ ಸರಿಹೋದ. ಔಷಧಿ ಕೆಲಸ ಮಾಡಿತು ಅಂತ ಅಕ್ಕನಿಗೆ ಖುಷಿ. ನಿಜ ಹೇಳಬೇಕೆಂದರೆ, ಈ ಕಾಯಿಲೆ ಸಾಮಾನ್ಯವಾಗಿ ಒಂದು ವಾರದೊಳಗೆ ತಾನಾಗಿಯೇ ಇಳಿಯುತ್ತದೆ. ಬ್ಯಾಕ್ಟೀರಿಯಾನೇ ಇಲ್ಲದಿರುವಾಗ ಆ ಮಾತ್ರೆ ಯಾರನ್ನು ಕೊಲ್ಲಬೇಕಿತ್ತು? ಆ ದಿನಗಳಲ್ಲಿ ಬೇಕಾದದ್ದು ನೋವಿನ ಔಷಧಿ, ಅದೂ ಡಾಕ್ಟರು ಕೊಟ್ಟದ್ದು. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ.

ಮೂರು ತಿಂಗಳಿಗೆ ಮತ್ತೆ ಬಂತು. ಈ ಸಲ ಪಟಾಕಿ ಇರಲಿಲ್ಲ. ಅಕ್ಕ ಕೂತು ಯೋಚಿಸಿದಳು. ಅಡುಗೆಮನೆ ಕಿಟಕಿಯಾಚೆ ಕಾಂಪೌಂಡ್ ಗೋಡೆ ಮೇಲೆ ದಿನಾ ಬೆಳಿಗ್ಗೆ ಬೀದಿಯ ಗಡವ ಬೆಕ್ಕೊಂದು ಬಂದು ಕೂರುತ್ತಿತ್ತು. ಕೆಂಚನ ಟಬ್ ಇದ್ದದ್ದು ಅದೇ ಕಿಟಕಿಯ ಕೆಳಗೆ, ಪಕ್ಕದಲ್ಲಿ ವಾಷಿಂಗ್ ಮಷೀನ್. ಉಚ್ಚೆಗೆ ಕೂತಾಗ ಮೇಲೆ ಶತ್ರು, ಪಕ್ಕದಲ್ಲಿ ಗಡಗಡ. ಯಾರಿಗಾದರೂ ಬರುತ್ತದಾ, ಅಲ್ವಾ?

ಮೊದಲು ಟಬ್ ಜಾಗ ಬದಲಾಯಿತು. ಹಳೆಯದನ್ನು ಒಮ್ಮೆಲೇ ಎತ್ತಲಿಲ್ಲ. ಮಲಗುವ ಕೋಣೆಯ ಮೂಲೆಯಲ್ಲಿ ಇನ್ನೊಂದು ಇಟ್ಟು, ಕೆಂಚ ಅದಕ್ಕೇ ಹೋಗತೊಡಗಿದ ಮೇಲೆ ಹಳೆಯದನ್ನು ಹಾಲ್‌ಗೆ ಸರಿಸಿದಳು. ಲೆಕ್ಕ ಹೀಗೆ: ಬೆಕ್ಕು ಎಷ್ಟೋ ಅದಕ್ಕಿಂತ ಒಂದು ಟಬ್ ಜಾಸ್ತಿ, ಅವೂ ಬೇರೆ ಬೇರೆ ಕಡೆ. ಟಬ್ಬಿನ ಉದ್ದ ಬೆಕ್ಕಿನ ಉದ್ದದ ಒಂದೂವರೆ ಪಟ್ಟು ಇರಬೇಕು. ಅಂಗಡಿಯ ಬೆಕ್ಕಿನ ಟ್ರೇಗಿಂತ ಬಟ್ಟೆ ನೆನೆಸುವ ಅಗಲ ಟಬ್ಬೇ ವಾಸಿ. ವಾಸನೆ ಬೆರೆಸಿದ ಮರಳು ಬೇಡ. ಉಚ್ಚೆ ಬಿದ್ದು ಮರಳು ಕಟ್ಟಿದ ಗಂಟುಗಳನ್ನು ದಿನಾ ಎತ್ತಬೇಕು. ಕಿಟಕಿಯ ಕೆಳಗಿನ ಅರ್ಧ ಗಾಜಿಗೆ ಅಕ್ಕ ಹಾಲುಗಾಜಿನ ಸ್ಟಿಕ್ಕರ್ ಅಂಟಿಸಿದಳು. ಬೀರುವಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟಳು. ಕೆಂಚ ಅಲ್ಲಿಗೆ ಹತ್ತಿದರೆ ಯಾರೂ ಎಳೆದು ತರುವ ಹಾಗಿಲ್ಲ. ಬೆಕ್ಕಿಗೆ ಎತ್ತರ ಅಂದರೆ ಧೈರ್ಯ.

ಇನ್ನೊಂದು ನೀರು. ಒಣ ಪೆಲೆಟ್ ಮಾತ್ರ ತಿನ್ನುವ ಬೆಕ್ಕಿನ ಉಚ್ಚೆ ಗಟ್ಟಿ, ಚುಚ್ಚೋದೂ ಜಾಸ್ತಿ. ಅಕ್ಕ ಒಂದು ಹೊತ್ತಿಗೆ ಒದ್ದೆ ಆಹಾರ ಶುರು ಮಾಡಿದಳು, ಅದನ್ನೂ ನಿಧಾನವಾಗಿ. ಮೀನು ಬೇಯಿಸಿದ ನೀರು ಎರಡು ಚಮಚ ಬೆರೆಸುತ್ತಾಳೆ, ಉಪ್ಪು ಈರುಳ್ಳಿ ಹಾಕದ್ದು.

ಇದೆಲ್ಲ ಸುಮ್ನೆ ಅಜ್ಜಿ ಉಪಾಯವಲ್ಲ. ಅಮೆರಿಕದ ಪಶುವೈದ್ಯ ಟೋನಿ ಬಫಿಂಗ್‌ಟನ್ ಮತ್ತು ಜೊತೆಗಾರರು ಇಂಥ 46 ಬೆಕ್ಕುಗಳ ಮನೆಗಳಲ್ಲಿ ಬದಲಾವಣೆ ಮಾಡಿಸಿ 10 ತಿಂಗಳು ಗಮನಿಸಿ 2006ರಲ್ಲಿ ಬರೆದರು. ತೊಂದರೆ ಕಡಿಮೆಯಾಯಿತು, ಬೆಕ್ಕುಗಳ ಹೆದರಿಕೆಯೂ ಇಳಿಯಿತು. ಆದರೆ ಏನೂ ಬದಲಾಯಿಸದ ಮನೆಗಳನ್ನು ಪಕ್ಕದಲ್ಲಿಟ್ಟು ಹೋಲಿಸಿರಲಿಲ್ಲ. ಹಾಗಾಗಿ ಪೂರ್ತಿ ಗುಣವಾಗುತ್ತದೆ ಅಂತ ಹೇಳಲಾಗದು, ಮರುಕಳಿಸುವುದು ಕಡಿಮೆ ಆಗಬಹುದು ಅಷ್ಟೇ.

ಒಂದು ವಿಷಯಕ್ಕೆ ಮಾತ್ರ ಕಾಯಬೇಡಿ. ಗಂಡು ಬೆಕ್ಕಿನ ಮೂತ್ರನಾಳ ಸಣ್ಣದು, ಉರಿಯೂತದ ಕಸ ಅಡ್ಡ ಕೂತರೆ ದಾರಿಯೇ ಮುಚ್ಚುತ್ತದೆ. ಮರಳಿನಲ್ಲಿ ನೆಲ್ಲಿಕಾಯಿಯಷ್ಟು ಗಂಟು ಹತ್ತಾರಿದ್ದರೆ ಉರಿಯೂತ ಇದ್ದೀತು. ಪದೇಪದೇ ಕೂತರೂ ಒಂದೂ ಗಂಟಿಲ್ಲ, ಕೂಗು, ವಾಂತಿ, ಊಟ ಬೇಡ ಅಂದರೆ ದಾರಿ ಕಟ್ಟಿದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಒಂದೆರಡು ದಿನದಲ್ಲೇ ಹೃದಯ ನಿಲ್ಲಬಹುದು. ರಾತ್ರಿಯಾದರೂ ಆಗಲೇ ಆಸ್ಪತ್ರೆಗೆ ಓಡಬೇಕು.

ಅಕ್ಕ ಈಗ ಬೆಳಿಗ್ಗೆ ಗಂಟು ಎಣಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾಳೆ. ಹಾಲಿನ ಲೆಕ್ಕದ ಪಕ್ಕದಲ್ಲೇ ಕೆಂಚನದು. ಮೂರು, ಎರಡು, ಮೂರು.