ಖಾತೆಯಿಂದ ದುಡ್ಡು ಹೋಗಿದೆ, ಕಾರ್ಡಿಗೆ ಬಂದಿಲ್ಲ: ಲೇಟ್ ಫೀ ಮನ್ನಾ ಮಾಡಿ ಅಂತ ಕೇಳಬೇಡಿ

ನಾನು ಬ್ಯಾಂಕಿನ ಕಾರ್ಡ್ ವಿಭಾಗದಲ್ಲಿ ಕೆಲಸ ಮಾಡಿ ಹೊರಬಂದವನು. ಈಗಲೂ ಇಂಥ ದೂರು ಹಿಡಿದುಕೊಂಡು ಬರುವವರು ಜಾಸ್ತಿ. ಕಥೆ ಹೆಚ್ಚುಕಮ್ಮಿ ಒಂದೇ: ಕಡೇ ದಿನಕ್ಕೆ ಮೊದಲೇ ಬಿಲ್ ಕಟ್ಟಿದ್ದಾರೆ, ಖಾತೆಯಿಂದ ದುಡ್ಡು ಕಡಿತವಾಗಿದೆ, ಕಾರ್ಡಿನಲ್ಲಿ ಮಾತ್ರ ಪೇಮೆಂಟ್ ಕಾಣುತ್ತಿಲ್ಲ, ಲೇಟ್ ಫೀ ಬಿದ್ದಿದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಫೀ ಮನ್ನಾ ಮಾಡಿ ಅಂತ ಕೇಳುತ್ತಾರೆ. ಎಡವುವುದು ಅಲ್ಲೇ.

ಶಿವಮೊಗ್ಗ ಕಡೆಯ ಒಬ್ಬ ಶಿಕ್ಷಕಿಯ ಪ್ರಕರಣ ಹೇಳುತ್ತೇನೆ. ಬಿಲ್ 18,450 ರೂಪಾಯಿ, ಕಡೇ ದಿನ 14. ಅವರು 11ನೇ ತಾರೀಖೇ ನೆಟ್ ಬ್ಯಾಂಕಿಂಗ್‌ನಲ್ಲಿ ನೆಫ್ಟ್ ಮಾಡಿದ್ದರು. ದುಡ್ಡು ಜಮಾ ಆಗಿದೆ ಅಂತ ತಮ್ಮ ಬ್ಯಾಂಕಿನಿಂದ ಎಸ್‌ಎಂಎಸ್ ಕೂಡ ಬಂತು. ಆದರೆ 18ಕ್ಕೆ 750 ರೂಪಾಯಿ ಲೇಟ್ ಫೀ ಬಿತ್ತು. ಕಾರ್ಡ್ ಬ್ಯಾಂಕಿನವರು "ಮೇಡಂ, ಪೇಮೆಂಟ್ ಬಂದೇ ಇಲ್ಲ" ಅಂದರು. ಇವರ ಬ್ಯಾಂಕಿನವರು "ನಮ್ಮ ಕಡೆ ಸಕ್ಸಸ್ ಇದೆ, ಕಾರ್ಡ್‌ನವರನ್ನೇ ಕೇಳಿ" ಅಂದರು.

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಆದದ್ದೇನು ಅಂದ್ರೆ, ಹಿಂದಿನ ತಿಂಗಳು ಅವರ ಕಾರ್ಡ್ ಕಳೆದುಹೋಗಿ, ಅದನ್ನು ಬ್ಲಾಕ್ ಮಾಡಿಸಿ ಹೊಸದು ತರಿಸಿದ್ದರು. ನೆಫ್ಟ್‌ನಲ್ಲಿ ಕಾರ್ಡ್ ಬಿಲ್ ಕಟ್ಟುವಾಗ ಸಾಮಾನ್ಯವಾಗಿ ಕಾರ್ಡ್ ನಂಬರನ್ನೇ ಖಾತೆ ನಂಬರಿನ ಜಾಗದಲ್ಲಿ ಹಾಕುತ್ತೇವೆ. ಹೊಸ ಕಾರ್ಡಿಗೆ ಹೊಸ ನಂಬರ್ ಬಂದಿತ್ತು, ನೆಟ್ ಬ್ಯಾಂಕಿಂಗ್‌ನಲ್ಲಿ ಮಾತ್ರ ಹಳೇ ನಂಬರೇ ಉಳಿದಿತ್ತು. ಎಷ್ಟೋ ಬ್ಯಾಂಕುಗಳಲ್ಲಿ ಹಳೇ ನಂಬರಿಗೆ ಬಂದ ದುಡ್ಡು ತಾನಾಗಿ ಹೊಸದಕ್ಕೆ ಹೋಗುತ್ತದೆ. ಇಲ್ಲಿ ಹೋಗಲಿಲ್ಲ. ದುಡ್ಡು ಕಾರ್ಡ್ ಬ್ಯಾಂಕಿನೊಳಗೇ ಸಸ್ಪೆನ್ಸ್ ಖಾತೆಯಲ್ಲಿ, ಅಂದ್ರೆ ಯಾರದ್ದು ಅಂತ ಗೊತ್ತಾಗದ ಹಣ ಇಡುವ ಖಾತೆಯಲ್ಲಿ, ಕೂತಿತ್ತು. ಕಸ್ಟಮರ್ ಕೇರ್‌ನವರ ಪರದೆಯಲ್ಲಿ ಕಾಣುವುದು ಹೊಸ ಕಾರ್ಡಿನ ಲೆಕ್ಕ ಮಾತ್ರ. ಅಲ್ಲಿ ಪೇಮೆಂಟ್ ಇರಲಿಲ್ಲ.

ಅಂದಹಾಗೆ, ಲೇಟ್ ಫೀ 15ಕ್ಕೇ ಬೀಳದೆ 18ಕ್ಕೆ ಬಿದ್ದದ್ದಕ್ಕೂ ಕಾರಣ ಇದೆ. ಆರ್‌ಬಿಐನ ಕಾರ್ಡ್ ನಿರ್ದೇಶನದ ಪ್ರಕಾರ ಕಡೇ ದಿನ ಕಳೆದು ಮೂರು ದಿನ ದಾಟಿದ ಮೇಲೆ ಮಾತ್ರ ಲೇಟ್ ಫೀ ಹಾಕಬಹುದು, ಕ್ರೆಡಿಟ್ ಬ್ಯೂರೋಗೆ ಬಾಕಿ ಅಂತ ವರದಿ ಮಾಡುವುದಕ್ಕೂ ಅದೇ ಮಿತಿ. ಆದ್ದರಿಂದ ಕಡೇ ದಿನ ಸಂಜೆಯೂ ಕಾರ್ಡಿನಲ್ಲಿ ಪೇಮೆಂಟ್ ಕಾಣದಿದ್ದರೆ, ಕೈಯಲ್ಲಿ ದುಡ್ಡಿದ್ದರೆ, ಕಾರ್ಡ್ ಬ್ಯಾಂಕಿನದೇ ಆ್ಯಪ್‌ನಿಂದ ಮಿನಿಮಮ್ ಡ್ಯೂ ಮೊತ್ತ ಕಟ್ಟಿಬಿಡಿ ಅಂತಲೇ ನಾನು ಹೇಳುತ್ತೇನೆ. ಎರಡು ಸಲ ಕಟ್ಟಿದಂತಾಗುತ್ತೆ, ನಿಜ. ಹೆಚ್ಚಾದದ್ದು ಕಾರ್ಡಿನಲ್ಲಿ ಜಮಾ ಇರುತ್ತದೆ, ವಾಪಸ್ ಕೇಳಬಹುದು. ಇದರಿಂದ ಲೇಟ್ ಫೀ ತಪ್ಪುತ್ತೆ, ಬಡ್ಡಿ ತಪ್ಪಲ್ಲ.

ಈ ಬಡ್ಡಿಯೇ ಜನರ ಕಣ್ಣಿಗೆ ಬೀಳದ ಭಾಗ. ಬಿಲ್ ಪೂರ್ತಿ ಕಟ್ಟದಿದ್ದರೆ ಬಡ್ಡಿ ಕಡೇ ದಿನದಿಂದ ಶುರುವಾಗುವುದಲ್ಲ, ನೀವು ಸಾಮಾನು ಕೊಂಡ ದಿನದಿಂದಲೇ ಲೆಕ್ಕ. ಶಿಕ್ಷಕಿಯ ಕಾರ್ಡಿಗೆ ತಿಂಗಳಿಗೆ ಶೇ 3.5, ವರ್ಷಕ್ಕೆ ಶೇ 42. 18,450ಕ್ಕೆ ದಿನಕ್ಕೆ 21 ರೂಪಾಯಿ ಚಿಲ್ಲರೆ. ಖರೀದಿಗಳಿಂದ ಸರಾಸರಿ 45 ದಿನ ಹಿಡಿದರೆ 955 ರೂಪಾಯಿ, ಅಂದ್ರೆ ಲೇಟ್ ಫೀಗಿಂತಲೂ ಜಾಸ್ತಿ. ಎರಡರ ಮೇಲೂ ಶೇ 18 ಜಿಎಸ್‌ಟಿ. ಒಟ್ಟು ಎರಡು ಸಾವಿರ ದಾಟಿತು. ಅದು ಸಾಲದು ಅಂತ, ಹಳೇ ಬಾಕಿ ಇರುವವರೆಗೆ ಹೊಸ ಖರೀದಿಗೂ ಮೊದಲ ದಿನದಿಂದ ಬಡ್ಡಿ.

ಈಗ ಮನ್ನಾ ವಿಷಯಕ್ಕೆ ಬರೋಣ. ಫೋನಿನಲ್ಲಿ ಸ್ವಲ್ಪ ಜೋರು ಮಾಡಿದರೆ "ಒಂದು ಸಲಕ್ಕೆ ಮಾತ್ರ" ಅಂತ 750 ರೂಪಾಯಿ ಮತ್ತು ಅದರ ಜಿಎಸ್‌ಟಿ ವಾಪಸ್ ಹಾಕುತ್ತಾರೆ. ನೀವು ಥ್ಯಾಂಕ್ಸ್ ಹೇಳಿ ಫೋನ್ ಇಡುತ್ತೀರಿ. ಬಡ್ಡಿ ಹಾಗೇ ಇರುತ್ತದೆ, ನೀವು ತಡ ಮಾಡಿದಿರಿ ಅನ್ನುವ ದಾಖಲೆಯೂ ಹಾಗೇ ಇರುತ್ತದೆ, ಕಟ್ಟಿದ 18,450 ಎಲ್ಲಿದೆ ಅಂತ ಯಾರೂ ಹುಡುಕಿರುವುದಿಲ್ಲ. ಕೇಳಬೇಕಾದ್ದು ಬೇರೆ: "ಆ ದುಡ್ಡನ್ನು ಹುಡುಕಿ, ಅದು ನಿಮ್ಮ ಬ್ಯಾಂಕಿಗೆ ಬಂದ ತಾರೀಖಿನಿಂದಲೇ ನನ್ನ ಕಾರ್ಡಿಗೆ ಜಮಾ ಮಾಡಿ." ಬ್ಯಾಂಕಿನವರು ಇದನ್ನು ವ್ಯಾಲ್ಯೂ ಡೇಟ್ ಅಂತಾರೆ. ಜಮಾ 11ನೇ ತಾರೀಖಿನದು ಅಂತಾದರೆ ನೀವು ತಡ ಮಾಡಲೇ ಇಲ್ಲ. ಫೀ, ಬಡ್ಡಿ, ಜಿಎಸ್‌ಟಿ ಯಾವುದಕ್ಕೂ ಆಧಾರ ಉಳಿಯುವುದಿಲ್ಲ.

ಹಾಗೆ ಕೇಳುವ ಮೊದಲು ಒಂದು ಕೆಲಸ. ನಿಮ್ಮ ಉಳಿತಾಯ ಖಾತೆಯ ಸ್ಟೇಟ್‌ಮೆಂಟನ್ನು ಕಟ್ಟಿದ ದಿನದಿಂದ ಇವತ್ತಿನವರೆಗೆ ಸಾಲು ಸಾಲಾಗಿ ನೋಡಿ. ನಂಬರೋ ಐಎಫ್‌ಎಸ್‌ಸಿಯೋ ತಪ್ಪಿದ್ದರೆ ದುಡ್ಡು RETURN ಅನ್ನುವ ಸಾಲಿನಲ್ಲಿ ಸದ್ದಿಲ್ಲದೆ ವಾಪಸ್ ಬಂದಿರಬಹುದು. ಹಾಗೆ ಬಂದಿದ್ದರೆ ನಿಮ್ಮ ವಾದ ಅಲ್ಲಿಗೇ ಮುಗಿಯಿತು. ಆಗ ಮನ್ನಾ ಕೇಳುವುದೇ ದಾರಿ, ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು. ನಿಮ್ಮದೇ ಇನ್ನೊಂದು ಕಾರ್ಡಿಗೆ ಕಟ್ಟಿದ್ದರೂ ಹೆಚ್ಚುಕಮ್ಮಿ ಇದೇ ಸ್ಥಿತಿ.

ವಾಪಸ್ ಬಂದಿಲ್ಲ ಅಂದ್ರೆ ಯುಟಿಆರ್ ನಂಬರ್, ಅಂದ್ರೆ ಆ ವರ್ಗಾವಣೆಯ ಗುರುತಿನ ನಂಬರ್, ಬರೆದಿಟ್ಟುಕೊಳ್ಳಿ. ಸ್ಟೇಟ್‌ಮೆಂಟಿನಲ್ಲಿ ದುಡ್ಡು ಕಡಿತವಾದ ಸಾಲಿನಲ್ಲಿ ಇರುತ್ತದೆ. ಯುಪಿಐ, ಐಎಂಪಿಎಸ್ ಆದರೆ 12 ಅಂಕಿಯ ಆರ್‌ಆರ್‌ಎನ್. ಬೇರೆ ಆ್ಯಪ್‌ನಲ್ಲಿ ಕಟ್ಟಿದವರಿಗೆ ಆ ಆ್ಯಪ್‌ನ ಬಿಲ್ ಪೇಮೆಂಟ್ ನಂಬರೂ ಬೇಕು, ದುಡ್ಡು ಅವರ ಹತ್ತಿರವೇ ನಿಂತಿರಬಹುದು. ಸಕ್ಸಸ್ ಅಂತ ಹಸಿರು ಟಿಕ್ ಇರುವ ಸ್ಕ್ರೀನ್‌ಶಾಟ್ ಕಳಿಸಿ ಏನೂ ಪ್ರಯೋಜನವಿಲ್ಲ, ದುಡ್ಡು ನಿಮ್ಮನ್ನು ಬಿಟ್ಟಿತು ಅಂತಷ್ಟೇ ಅದು ಹೇಳುತ್ತದೆ. ನೆಫ್ಟ್‌ನಲ್ಲಿ ಇದಕ್ಕಿಂತ ಗಟ್ಟಿ ಸಾಕ್ಷಿ ಒಂದಿದೆ. ದುಡ್ಡು ಪಡೆದ ಬ್ಯಾಂಕು, ಕಳಿಸಿದ ಬ್ಯಾಂಕಿಗೆ ಎನ್10 ಅನ್ನುವ ಸಂದೇಶದಲ್ಲಿ ಜಮಾ ಆದ ದಿನ, ಸಮಯ ತಿಳಿಸುತ್ತದೆ. ಶಿಕ್ಷಕಿಗೆ ಬಂದ ಎಸ್‌ಎಂಎಸ್ ಅದರಿಂದಲೇ ಹುಟ್ಟಿದ್ದು. ಅಂದ್ರೆ "ಬಂದಿಲ್ಲ" ಅಂದ ಬ್ಯಾಂಕೇ "ಬಂದಿದೆ" ಅಂತ ಒಪ್ಪಿಕೊಂಡಾಗಿತ್ತು.

ಅವರ ಕೈಲಿ ನಾನು ಬರೆಸಿದ ಇಮೇಲ್ ಇಷ್ಟೇ:

"11ನೇ ತಾರೀಖು 18,450 ರೂ. ನೆಫ್ಟ್ ಮಾಡಿದ್ದೇನೆ. ಯುಟಿಆರ್ ಇಂಥದ್ದು. ನಿಮ್ಮ ಬ್ಯಾಂಕಿಗೆ ಅದೇ ದಿನ ಜಮಾ ಆಗಿದೆ, ಎಸ್‌ಎಂಎಸ್ ಮತ್ತು ಸ್ಟೇಟ್‌ಮೆಂಟ್ ಲಗತ್ತಿಸಿದೆ. ಹಣ ನನ್ನ ಹಳೇ ಕಾರ್ಡ್ ನಂಬರಿಗೆ ಬಂದಿದೆ, ಕೊನೆಯ ನಾಲ್ಕು ಅಂಕಿ ಇಂಥವು. ಅದನ್ನು 11ರ ವ್ಯಾಲ್ಯೂ ಡೇಟ್‌ನಲ್ಲಿ ಹೊಸ ಕಾರ್ಡಿಗೆ ಜಮಾ ಮಾಡಿ, ಲೇಟ್ ಫೀ, ಬಡ್ಡಿ, ಎರಡರ ಜಿಎಸ್‌ಟಿ ವಾಪಸ್ ಹಾಕಿ. ಕ್ರೆಡಿಟ್ ಬ್ಯೂರೋಗೆ ಬಾಕಿ ಅಂತ ಕಳಿಸಿದ್ದರೆ ತಿದ್ದಿಸಿ."

ಹಳೇ ನಂಬರಿಗೆ ಕಟ್ಟಿದ್ದನ್ನು ಮುಚ್ಚಿಡಬೇಕೇ ಅಂತ ಅವರು ಕೇಳಿದ್ದರು. ಮುಚ್ಚಿಟ್ಟರೆ ಹುಡುಕುವುದು ತಡವಾಗುತ್ತೆ ಅಷ್ಟೇ. ದುಡ್ಡು ಇಟ್ಟುಕೊಂಡವರು ಅವರು, ಬಡ್ಡಿಯನ್ನೂ ಅವರೇ ಕೇಳುವುದು ಯಾವ ನ್ಯಾಯ?

ಬಿಲ್ಲಿನ ಬಗ್ಗೆ ತಕರಾರು ಮಾಡಿದರೆ 30 ದಿನದೊಳಗೆ ವಿವರಣೆ ಕೊಡಬೇಕು ಅಂತ ಆರ್‌ಬಿಐನ ಅದೇ ಕಾರ್ಡ್ ನಿರ್ದೇಶನದಲ್ಲಿದೆ. ದೂರಿನ ನಂಬರ್ ಇಟ್ಟುಕೊಂಡಿರಿ. 30 ದಿನ ಕಳೆದರೂ ಉತ್ತರ ಇಲ್ಲ, ಅಥವಾ ಬಂದ ಉತ್ತರ ಸಮಾಧಾನ ಇಲ್ಲ ಅಂದ್ರೆ cms.rbi.org.in ನಲ್ಲಿ ಆರ್‌ಬಿಐ ಓಂಬುಡ್ಸ್‌ಮನ್‌ಗೆ ದೂರು ಹಾಕಬಹುದು, ಫೀ ಇಲ್ಲ.

ಈ ನಡುವೆ ಮುಂದಿನ ಬಿಲ್ ಬರುತ್ತದಲ್ಲ, ಅದರಲ್ಲಿ ತಕರಾರಿನ ಮೊತ್ತ ಕಳೆದು ಉಳಿದದ್ದನ್ನಷ್ಟೇ ಕಟ್ಟಿ ಸುಮ್ಮನಾಗಬೇಡಿ. ಕಂಪ್ಯೂಟರಿಗೆ ನಿಮ್ಮ ತಕರಾರು ಗೊತ್ತಿಲ್ಲ, ಬಿಲ್ ಪೂರ್ತಿ ಬಂದಿಲ್ಲ ಅಂತ ಮತ್ತೆ ಬಡ್ಡಿ ಹಾಕುತ್ತದೆ. ಆಗುವುದಾದರೆ ಪೂರ್ತಿ ಕಟ್ಟಿ, ಆಮೇಲೆ ವಾಪಸ್ ತೆಗೆದುಕೊಳ್ಳಿ. ಶಿಕ್ಷಕಿಗೆ ಪೂರ್ತಿ ವಾಪಸ್ ಬಂತು, ಆದರೆ ಎರಡು ಕಂತಿನಲ್ಲಿ. ಮೊದಲು ಫೀ ಮತ್ತು ಬಡ್ಡಿ, ಜಿಎಸ್‌ಟಿ ವಾಪಸ್ ಬರಲು ಇನ್ನೊಂದು ಇಮೇಲ್ ಬೇಕಾಯಿತು. ನೆಟ್ ಬ್ಯಾಂಕಿಂಗ್‌ನಲ್ಲಿದ್ದ ಹಳೇ ಕಾರ್ಡ್ ನಂಬರನ್ನು ಅವತ್ತೇ ಡಿಲೀಟ್ ಮಾಡಿಸಿದೆ.