ಡಿಗ್ರಿಯಲ್ಲಿ ನಡೆದರೆ ಸೈನ್‌ಗೆ ಅಂಟುವ π

ಒಂದು ಸಂಜೆ ಸುಮ್ನೆ ಕ್ಯಾಲ್ಕುಲೇಟರ್ ಹಿಡಿದು ಕೂತಿದ್ದೆ. ಯಾವ ಕೋನದ ಸೈನ್ 0.5 ಆಗುತ್ತದೆ ಎಂದು ನ್ಯೂಟನ್ ವಿಧಾನದಲ್ಲಿ ಹುಡುಕುವ ಆಟ. ಉತ್ತರ 30 ಡಿಗ್ರಿ ಅಂತ ಎಲ್ಲರಿಗೂ ಗೊತ್ತು. ವಿಧಾನವೂ ಸುಲಭ: ಇನ್ನೂ ಎಷ್ಟು ಏರಬೇಕು ಎಂಬುದನ್ನು ಸೈನ್ ಏರುವ ದರದಿಂದ ಭಾಗಿಸಿ, ಅಷ್ಟು ಮುಂದೆ ಹೋಗುವುದು. ಸೈನ್ ಏರುವ ದರ ಕೋಸ್ ಎಂದು ಪಿಯುಸಿಯಲ್ಲೇ ಬಾಯಿಪಾಠ ಆಗಿತ್ತು.

25 ಡಿಗ್ರಿಯಿಂದ ಶುರು ಮಾಡಿದೆ. ಸೈನ್ 0.4226, ಕೊರತೆ 0.0774. ಕೋಸ್ 0.9063. ಭಾಗಿಸಿದರೆ 0.0854. ಅಂದರೆ 25ರಿಂದ 25.0854ಕ್ಕೆ ಬಂದೆ. ಮುಂದಿನ ಹೆಜ್ಜೆಯೂ ಅಷ್ಟೇ ಪುಟ್ಟದು. ಎರಡು ಮೂರು ಹೆಜ್ಜೆಗೆ ಗುರಿ ಮುಟ್ಟಿಸಬೇಕಾದ ವಿಧಾನ ಬಸವನ ಹುಳುವಿನ ಹಾಗೆ ತೆವಳುತ್ತಿತ್ತು. ಈ ವೇಗದಲ್ಲಿ ದೂರ ಅರ್ಧ ಆಗಬೇಕಾದರೇ ಸುಮಾರು 40 ಹೆಜ್ಜೆ ಬೇಕು. ತಪ್ಪು ದಿಕ್ಕಿಗೆ ಹೋಗಿದ್ದರೆ ತಕ್ಷಣ ತಿಳಿಯುತ್ತಿತ್ತು. ಇದು ಸರಿ ದಿಕ್ಕಿಗೇ ಹೋಗುತ್ತದೆ, ಆದರೆ ತೀರಾ ನಿಧಾನ. ಅದೇ ಇದರ ಕಿತಾಪತಿ.

ಕ್ಯಾಲ್ಕುಲೇಟರ್ ಮೂಲೆಯಲ್ಲಿ DEG ಎಂದಿತ್ತು. ಡಿಗ್ರಿಯಲ್ಲಿ ಅಳೆದಾಗ ಸೈನ್ ಏರುವ ದರ ಬರೀ ಕೋಸ್ ಅಲ್ಲ, ಕೋಸ್ ಗುಣಿಸು π/180. ಇದು ಎಲ್ಲಿಂದ ಬಂತು?

ಅಂಗಳದಲ್ಲಿ ಒಂದು ಗೂಟ ನೆಟ್ಟು, ಒಂದು ಮೀಟರ್ ಹಗ್ಗ ಕಟ್ಟಿ ವೃತ್ತ ಎಳೆಯಿರಿ. ಗೂಟದ ಮೂಲಕ ಪಶ್ಚಿಮದಿಂದ ಪೂರ್ವಕ್ಕೆ ಒಂದು ನೇರ ಗೆರೆ ಹಾಕಿ. ವೃತ್ತದ ಪೂರ್ವ ತುದಿಯಿಂದ ಗೆರೆಯ ಉತ್ತರಕ್ಕೆ, ವೃತ್ತದ ಮೇಲೇ ಒಂದು ಇರುವೆ ನಡೆಯುತ್ತಿದೆ ಅಂದುಕೊಳ್ಳಿ. ಇರುವೆ ಆ ಗೆರೆಯಿಂದ ಎಷ್ಟು ಮೀಟರ್ ದೂರ ಇದೆಯೋ ಅದೇ ಸೈನ್.

ಹೊರಟ ಕ್ಷಣದಲ್ಲಿ ಇರುವೆ ನೇರ ಉತ್ತರಕ್ಕೇ ಹೋಗುತ್ತಿರುತ್ತದೆ. ನಡೆದದ್ದೆಲ್ಲ ಗೆರೆಯಿಂದ ದೂರವೇ ಆಗುತ್ತದೆ. 60 ಡಿಗ್ರಿ ಹತ್ತಿರ ಬಂದಾಗ ಅದರ ದಾರಿ ಪಶ್ಚಿಮಕ್ಕೆ ವಾಲಿರುತ್ತದೆ. ನಡೆದದ್ದರಲ್ಲಿ ಅರ್ಧ ಮಾತ್ರ ಉತ್ತರಕ್ಕೆ ಸಲ್ಲುತ್ತದೆ. ಆ ಅರ್ಧವೇ 60 ಡಿಗ್ರಿಯ ಕೋಸ್. ಹಾಗಾಗಿ ಒಂದು ಮೀಟರ್ ನಡೆದರೆ ಎಷ್ಟು ಮೀಟರ್ ದೂರ ಸರಿಯುವ ದರ ಎಂದು ಕೇಳಿದರೆ ಉತ್ತರ ಕೋಸ್, ಬೇರೇನೂ ಇಲ್ಲ.

ಆದರೆ ನಾನು ಕೇಳಿದ್ದು ಒಂದು ಡಿಗ್ರಿ ನಡೆದರೆ ಎಷ್ಟು ಎಂದು. ಇರುವೆಗೆ ಡಿಗ್ರಿ ಗೊತ್ತಿಲ್ಲ. ಪೂರ್ತಿ ಸುತ್ತು 2π ಮೀಟರ್, ಅದರಲ್ಲಿ 360ನೇ ಒಂದು ಭಾಗ ಎಂದರೆ π/180 ಮೀಟರ್, ಸುಮಾರು 1.745 ಸೆಂಟಿಮೀಟರ್. ಇರುವೆ ನಿಜವಾಗಿ ನಡೆದದ್ದು ಅಷ್ಟೇ. 60ರ ಹತ್ತಿರ ಅದರಲ್ಲಿ ಅರ್ಧ, 0.873 ಸೆಂಟಿಮೀಟರ್, ದೂರಕ್ಕೆ ಸೇರುತ್ತದೆ. π ಸೈನ್‌ನ ಒಳಗಿಂದ ಬಂದದ್ದಲ್ಲ, ನಡಿಗೆಯನ್ನು ಡಿಗ್ರಿಯಲ್ಲಿ, ದೂರವನ್ನು ಮೀಟರಿನಲ್ಲಿ ಅಳೆದ ನಮ್ಮಿಂದ ಬಂದದ್ದು. ಸುತ್ತನ್ನು 400 ಭಾಗ ಮಾಡಿದ್ದರೆ π/200 ಅಂಟಿಕೊಳ್ಳುತ್ತಿತ್ತು. ನಡಿಗೆಯನ್ನೂ ತ್ರಿಜ್ಯದಿಂದಲೇ ಅಳೆದರೆ ಏನೂ ಅಂಟುವುದಿಲ್ಲ. ಹಾಗೆ ಅಳೆಯುವುದಕ್ಕೇ ರೇಡಿಯನ್ ಎಂದು ಹೆಸರು.

ನನ್ನ ಲೆಕ್ಕಕ್ಕೆ ಬೇಕಿದ್ದದ್ದೂ ಇದೇ. ಆ 0.0854 ನಿಜಕ್ಕೂ ರೇಡಿಯನ್, ನಾನು ಅದನ್ನು ಡಿಗ್ರಿ ಎಂದು ಕೂಡಿಸಿದ್ದೆ. 180/π, ಅಂದರೆ 57.3ರಿಂದ ಗುಣಿಸಿದರೆ ಹೆಜ್ಜೆ 4.892 ಡಿಗ್ರಿ. ಮೊದಲ ನೆಗೆತಕ್ಕೇ 29.892, ಎರಡನೆಯದಕ್ಕೆ 29.9999. ಎರಡು ಸಲ ಡಿಫರೆನ್ಷಿಯೇಟ್ ಮಾಡುವಲ್ಲಿ ಈ π/180 ಕೂಡ ಎರಡು ಸಲ ಬರುತ್ತದೆ, ಅಲ್ಲಿ ಎರಡನ್ನೂ ಮರೆತರೆ ಉತ್ತರ ಮೂರು ಸಾವಿರ ಪಟ್ಟಿಗೂ ಜಾಸ್ತಿ ದೊಡ್ಡದಾಗುತ್ತದೆ.

ಹಾಗಾದರೆ ಡಿಗ್ರಿ ಬಿಟ್ಟೇ ಬಿಡಬೇಕಾ? ಬೇಕಿಲ್ಲ. ಆರ್ಯಭಟ 499ರಲ್ಲೇ ಇನ್ನೊಂದು ದಾರಿ ಹಿಡಿದಿದ್ದ. ಸುತ್ತನ್ನು 360 ಡಿಗ್ರಿ, ಪ್ರತಿ ಡಿಗ್ರಿಗೆ 60 ಕಲೆ, ಒಟ್ಟು 21600 ಕಲೆ ಎಂದೇ ಇಟ್ಟುಕೊಂಡ. ಬದಲಿಸಿದ್ದು ತ್ರಿಜ್ಯದ ಅಳತೆಯನ್ನು. ಅದನ್ನೂ ಕಲೆಯಲ್ಲೇ ಅಳೆದ: 21600ನ್ನು 2πಯಿಂದ ಭಾಗಿಸಿದರೆ ಸುಮಾರು 3438. ಈಗ ನಡಿಗೆಗೂ ದೂರಕ್ಕೂ ಒಂದೇ ಅಳತೆ. π ಎಲ್ಲ 3438ರೊಳಗೆ ಅಡಗಿ ಕೂತಿತು.

ಗೆರೆಯಿಂದ ಇರುವೆಯ ದೂರವನ್ನು ಹೀಗೆ ಕಲೆಯಲ್ಲಿ ಅಳೆದರೆ ಅದೇ ಜ್ಯಾ, ಅವನ ಕಾಲದ ಸೈನ್. ಅವನ ಜ್ಯಾ ಪಟ್ಟಿ 225 ಕಲೆಗೊಂದು ಹೆಜ್ಜೆ ಇಡುತ್ತದೆ, ಒಟ್ಟು 24 ಹೆಜ್ಜೆ. ಪ್ರತಿ ಹೆಜ್ಜೆಗೂ ಜ್ಯಾ ಎಷ್ಟು ಏರುತ್ತದೆ ಎಂಬುದನ್ನೇ ಅವನು ಕೊಟ್ಟಿದ್ದಾನೆ: 225, 224, 222, 219, ಹೀಗೆ ಇಳಿಯುತ್ತಾ ಕೊನೆಗೆ 22, 7. ಮೊದಲ ಸಾಲು ನೋಡಿ, 225 ನಡೆದರೆ 225 ಏರಿಕೆ. 60 ಡಿಗ್ರಿ ಬರುವುದು 16ನೇ ಹೆಜ್ಜೆ ಮುಗಿದಾಗ. ಅದರ ಹಿಂದಿನ ಏರಿಕೆ 119, ಮುಂದಿನದು 106. ಎರಡರ ಸರಾಸರಿ 112.5. ಅದು 225ರ ಸರಿ ಅರ್ಧ, 60 ಡಿಗ್ರಿಯ ಕೋಸ್ ಹೇಳುವಷ್ಟೇ. π/180ರ ಸುಳಿವೇ ಇಲ್ಲ.