ಮೀಟರ್ ಅಲ್ಲ, ತಿರುವು ಎಣಿಸಿ

ಹೋಬಳಿ, ತಾಲೂಕು ಮಟ್ಟದ ಕ್ರೀಡಾಕೂಟಗಳಲ್ಲಿ 200 ಮೀಟರ್ ಓಟ ಶುರುವಾಗುವಾಗ ಬೇಲಿ ಹತ್ತಿರ ನಿಂತ ಪಾಲಕರು ಕೇಳುವುದು ಒಂದೇ ಪ್ರಶ್ನೆ: "ಸರ್, ಆ ಹುಡುಗೀನ ಅಷ್ಟು ಮುಂದ ಯಾಕ ನಿಲ್ಲಿಸೀರಿ?" ನ್ಯಾಯವಾದ ಪ್ರಶ್ನೆಯೇ. ಟ್ರ್ಯಾಕ್ ಹಾಕುವ ನಮ್ಮ ಬಳಿ ಇದಕ್ಕೆ ಸರಿಯಾದ ಉತ್ತರ ಇರಲೇಬೇಕು.

ನೇರ ದಾರಿಯಲ್ಲಿ ಎಲ್ಲ ಲೇನ್‌ಗಳೂ ಒಂದೇ ಉದ್ದ. ಅದಕ್ಕೇ 100 ಮೀಟರ್ ಓಟದಲ್ಲಿ ಎಲ್ಲರೂ ಒಂದೇ ಗೆರೆಯಲ್ಲಿ ನಿಲ್ಲುತ್ತಾರೆ. ವ್ಯತ್ಯಾಸ ಬರುವುದು ತಿರುವಿನಲ್ಲಿ ಮಾತ್ರ. ಪ್ರತಿ ತಿರುವೂ ಒಂದು ಅರ್ಧ ವೃತ್ತ. ಲೇನಿನ ಅಗಲ 1.22 ಮೀಟರ್ ಅಂದರೆ, ಪಕ್ಕದ ಹೊರಗಿನ ಲೇನಿನವರು ಅಷ್ಟು ಜಾಸ್ತಿ ತ್ರಿಜ್ಯದ ಅರ್ಧ ವೃತ್ತ ಸುತ್ತುತ್ತಾರೆ. ಅವರಿಗೆ ಬೀಳುವ ಜಾಸ್ತಿ ದೂರ 3.1416 ಗುಣಿಸು 1.22, ಅಂದರೆ 3.83 ಮೀಟರ್. ಒಂದು ತಿರುವಿಗೆ, ಒಂದು ಲೇನಿಗೆ ಇಷ್ಟು. ಪೂರ್ತಿ ಒಂದು ಸುತ್ತಿನಲ್ಲಿ ಎರಡು ತಿರುವು, ಹಾಗಾಗಿ 7.67 ಮೀಟರ್. ಈ ಜಾಸ್ತಿ ದೂರ ಸರಿದೂಗಲಿ ಎಂದೇ ಅವರನ್ನು ಅಷ್ಟು ಮುಂದೆ ನಿಲ್ಲಿಸುತ್ತೇವೆ. ಇದಕ್ಕೇ ಸ್ಟ್ಯಾಗರ್ ಅನ್ನುವುದು.

ಈ ಲೆಕ್ಕದಲ್ಲಿ ಮೈದಾನ ಎಷ್ಟು ದೊಡ್ಡದು ಅನ್ನುವುದು ಎಲ್ಲೂ ಬರಲಿಲ್ಲ, ಗಮನಿಸಿದಿರಾ? ಟ್ರ್ಯಾಕ್ ಚಿಕ್ಕದಾದರೆ ತಿರುವು ಬಿಗಿ, ಆದ್ದರಿಂದ ಸ್ಟ್ಯಾಗರ್ ಜಾಸ್ತಿ ಬೇಕು ಎಂದು ಹಲವರು ನಂಬಿದ್ದಾರೆ. ಹಾಗಿಲ್ಲ. ತ್ರಿಜ್ಯ 15 ಮೀಟರ್ ಇರಲಿ, 36 ಇರಲಿ, ಎರಡು ಲೇನ್‌ಗಳ ನಡುವಿನ ವ್ಯತ್ಯಾಸ ಅದೇ. ಅದನ್ನು ತೀರ್ಮಾನಿಸುವುದು ಲೇನಿನ ಅಗಲ ಮತ್ತು ಓಟದಲ್ಲಿ ಎಷ್ಟು ತಿರುವು ಬರುತ್ತವೆ ಅನ್ನುವುದು, ಅಷ್ಟೇ. ಜಾಗ ಸಾಲದೆ ಲೇನನ್ನು 1 ಮೀಟರಿಗೆ ಇಳಿಸಿದರೆ ತಿರುವಿಗೆ 3.14 ಮೀಟರ್ ಸಾಕು.

ಇದನ್ನು ಮರೆತರೆ ಏನಾಗುತ್ತದೆ ಎಂದು ಕೊಪ್ಪಳ ಜಿಲ್ಲೆಯ ಒಂದು ಶಾಲೆಯಲ್ಲಿ ಕಣ್ಣಾರೆ ನೋಡಿದ್ದೇನೆ. ಅಲ್ಲಿ ಎರೆ ಮಣ್ಣಿನ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು 200 ಮೀಟರ್ ಟ್ರ್ಯಾಕ್ ಹಾಕಿದ್ದರು. ನೇರ ದಾರಿ 40 ಮೀಟರ್, ಒಳಗೆರೆಗೆ ಗೂಟದಿಂದ ಹಿಡಿದ ಹಗ್ಗ 18.90 ಮೀಟರ್. ಯಾರೂ ಗೆರೆ ಮೇಲೇ ಓಡುವುದಿಲ್ಲವಲ್ಲ, ಅದಕ್ಕೆ ಗೆರೆಯಿಂದ 20 ಸೆಂಟಿಮೀಟರ್ ಹೊರಗೆ ಅಳೆಯುತ್ತೇವೆ. ಆಗ ತ್ರಿಜ್ಯ 19.10. ಎರಡು ತಿರುವು ಸೇರಿ 120 ಮೀಟರ್, ನೇರ ದಾರಿ 80, ಒಟ್ಟು 200. ಇಲ್ಲಿಯವರೆಗೆ ಚೊಕ್ಕ ಕೆಲಸ.

ಸ್ಟ್ಯಾಗರ್ ಮಾತ್ರ ಅಚ್ಚಾದ ಪಟ್ಟಿ ನೋಡಿ ಹಾಕಿದ್ದರು: 3.52, 7.35, 11.18. ಇವು 400 ಮೀಟರ್ ಟ್ರ್ಯಾಕಿನಲ್ಲಿ 200 ಮೀಟರ್ ಓಡುವಾಗಿನ ಅಂಕಿಗಳು. ಅಲ್ಲಿ ಆ ಓಟಕ್ಕೆ ಒಂದೇ ತಿರುವು. ಈ ಮೈದಾನದಲ್ಲಿ 200 ಮೀಟರ್ ಎಂದರೆ ಪೂರ್ತಿ ಸುತ್ತು, ಎರಡು ತಿರುವು. ಇನ್ನೊಂದು ವಿಷಯವೂ ಇದೆ. ದೊಡ್ಡ ಕ್ರೀಡಾಂಗಣಗಳಲ್ಲಿ ಒಳ ಅಂಚಿಗೆ ಎತ್ತರಿಸಿದ ಕಟ್ಟೆ ಇರುತ್ತದೆ. ಕಾಲು ತಾಗದಿರಲಿ ಎಂದು ಮೊದಲ ಲೇನನ್ನು ಮಾತ್ರ ಕಟ್ಟೆಯಿಂದ 30 ಸೆಂಟಿಮೀಟರ್ ಹೊರಗೆ ಅಳೆಯುತ್ತಾರೆ, ಉಳಿದ ಲೇನ್‌ಗಳನ್ನು ಗೆರೆಯಿಂದ 20 ಸೆಂಟಿಮೀಟರಿಗೇ. ಅದಕ್ಕೇ ಅಲ್ಲಿ ಎರಡನೇ ಲೇನಿಗೆ 3.83 ಬದಲು 3.52. ಸುಣ್ಣದ ಗೆರೆಗೆ ಈ ಕಡಿತ ಇಲ್ಲ.

ಅಲ್ಲಿ ಬೇಕಿದ್ದದ್ದು 7.67, 15.33, 23.00. ನಾಲ್ಕನೇ ಲೇನಿನ ಹುಡುಗಿಗೆ ಕೊಟ್ಟದ್ದು 11.18. ಅಂದರೆ ಅವಳು ಸುಮಾರು 211.8 ಮೀಟರ್ ಓಡಬೇಕಾಯಿತು. ಸೆಕೆಂಡಿಗೆ 7 ಮೀಟರ್ ಓಡುವ ಮಗುವಿಗೆ ಇದು ಒಂದೂವರೆ ಸೆಕೆಂಡಿಗಿಂತ ಜಾಸ್ತಿ. ಜಿಲ್ಲಾ ಮಟ್ಟಕ್ಕೆ ಹೋಗುವ ಅವಕಾಶ ಅಷ್ಟರಲ್ಲೇ ತಪ್ಪುತ್ತದೆ. ಅದೂ ಚೀಟಿ ಎತ್ತಿ ಸಿಕ್ಕ ಲೇನಿನಿಂದ. ಹೀಟ್ ಮೇಲೆ ಹೀಟ್ ಒಂದನೇ ಲೇನಿನವರೇ ಗೆಲ್ಲುತ್ತಿದ್ದರೆ ಮಕ್ಕಳ ಬಗ್ಗೆ ಮಾತಾಡುವ ಮೊದಲು ಗೆರೆ ಅಳೆಯಿರಿ.

ಅಂಕಿ ಸರಿ ಇದ್ದರೂ ಅಳೆಯುವಾಗ ತಪ್ಪಬಹುದು. ಸ್ಟ್ಯಾಗರ್ ಗೆರೆ ಬೀಳುವುದು ತಿರುವಿನ ಮೇಲೆ. 23 ಮೀಟರನ್ನು ಬಾಗಿದ ದಾರಿಯಲ್ಲೇ ಅಳೆಯಬೇಕು, ಆ ಲೇನಿನ ಒಳಗೆರೆಯಿಂದ 20 ಸೆಂಟಿಮೀಟರ್ ಹೊರಗೆ. ಅವಸರದಲ್ಲಿ ಇಬ್ಬರು ಎರಡು ತುದಿ ಹಿಡಿದು ಟೇಪು ನೇರ ಎಳೆದರೆ, ಈ ಟ್ರ್ಯಾಕಿನ ನಾಲ್ಕನೇ ಲೇನಿನಲ್ಲಿ ಗುರುತು 1.1 ಮೀಟರ್ ಮುಂದೆ ಹೋಗುತ್ತದೆ. ನೇರವೇ ಎಳೆಯಬೇಕು ಅಂದರೆ 22.03 ಮೀಟರಿಗೆ ಗುರುತು ಹಾಕಿ. ಮೂರನೇ ಲೇನಿಗೆ 15.01, ಎರಡನೆಯದಕ್ಕೆ 7.62. ಈ ಮೂರು ಅಂಕಿ 18.90ರ ಹಗ್ಗಕ್ಕೆ ಮಾತ್ರ, ತ್ರಿಜ್ಯ ಬದಲಾದರೆ ಇವೂ ಬದಲಾಗುತ್ತವೆ. ನೈಲಾನ್ ಹಗ್ಗ ಎಳೆದಷ್ಟೂ ಹಿಗ್ಗುತ್ತದೆ. ಸ್ಟೀಲ್ ಟೇಪೇ ಒಳ್ಳೆಯದು.

ಇದೇ ಟ್ರ್ಯಾಕಿನಲ್ಲಿ 400 ಮೀಟರ್ ಓಟವನ್ನು ಕೊನೆವರೆಗೂ ಅವರವರ ಲೇನಿನಲ್ಲೇ ಓಡಿಸುವುದಾದರೆ ತಿರುವು ನಾಲ್ಕು. ಒಂದೊಂದು ಲೇನಿಗೆ 15.33 ಮೀಟರ್. ನಾಲ್ಕನೇ ಲೇನಿನವರು 46 ಮೀಟರ್ ಮುಂದೆ ನಿಲ್ಲುತ್ತಾರೆ. ನೋಡಲು ವಿಪರೀತ ಅನ್ನಿಸುತ್ತದೆ, ಪಾಲಕರು ಗಲಾಟೆಯನ್ನೂ ಮಾಡಬಹುದು. ಓಟಕ್ಕೆ ಮೊದಲೇ ಅವರನ್ನು ಕರೆದು, ನಾಲ್ಕನೇ ಲೇನಿನ ಗೆರೆಯಿಂದ ಮುಕ್ತಾಯದವರೆಗೆ ಎರಡು ಸುತ್ತು ಅವರ ಕೈಯಲ್ಲೇ ಟೇಪು ಹಿಡಿಸಿ. 400 ಮೀಟರೇ ಬರುತ್ತದೆ.